‘ನನ್ನ ವಿಶ್ಲೇಷಣೆ’ ಎಂಬ ತಲೆಬರಹ

ಮೈಸೂರಿನ ಕಾನೂನು ಕಾಲೇಜೊಂದರಲ್ಲಿ ಪಾಠ ಹೇಳುವ ನನಗೆ ಅಸೈನ್‌ಮೆಂಟ್ ತಿದ್ದುವ ವಾರ ಬಂದರೆ ಊಟ ರುಚಿಸುವುದಿಲ್ಲ. ಆ ಸಲ ಬಾಡಿಗೆ ಮನೆ ತೆರವಿನ ತೀರ್ಪೊಂದನ್ನು ವಿಶ್ಲೇಷಿಸಲು ಕೊಟ್ಟಿದ್ದೆ. ಮಾಲೀಕ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ ನೋಟಿಸನ್ನು ಬಾಡಿಗೆದಾರ ತೆಗೆದುಕೊಳ್ಳದೆ ವಾಪಸು ಕಳಿಸಿದ್ದ. ‘ಕೈಗೆ ತಲುಪದ ನೋಟಿಸ್ ಜಾರಿಯಾದಂತಲ್ಲ ಎಂದು ನ್ಯಾಯಾಲಯ ಹೇಳಿದೆ’ ಎಂದು ಒಬ್ಬ ವಿದ್ಯಾರ್ಥಿ ಬರೆದಿದ್ದ. ಅದು ನ್ಯಾಯಾಲಯದ ಮಾತಲ್ಲ, ಸೋತ ಬಾಡಿಗೆದಾರನ ವಕೀಲರ ವಾದ. ತೀರ್ಪಿನ ನಡುವಿನಿಂದ ಎತ್ತಿ ಪದಗಳನ್ನಷ್ಟೇ ಬದಲಿಸಿದ್ದ. ಮುಂದಿನ ಪ್ಯಾರಾದಲ್ಲೇ ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತ್ತು. ಅಷ್ಟು ದೂರವೂ ಅವನು ಓದಿರಲಿಲ್ಲ.

ಸ್ಟಾಫ್ ರೂಮಿಗೆ ಕರೆಸಿ ಕೇಳಿದೆ.

“ಕಾಪಿ ಹಿಡಿಯೋ ಸಾಫ್ಟ್‌ವೇರಲ್ಲಿ ಕಾಪಿ ಅಂತ ಬಂದಿಲ್ವಲ್ಲ ಮೇಡಂ,” ಎಂದ.

ನನಗೆ ಮೈಯೆಲ್ಲ ಉರಿಯಿತು.

“ಪದ ಬದಲಾಯ್ಸಿದ್ರೂ ಕದ್ದಿದ್ದು ಕದ್ದಿದ್ದೇ ಕಣಪ್ಪ. ಕಾಯ್ದೆ ಮಾತು ಬೇಕಿದ್ರೆ ಕೋಟ್ಸ್ ಒಳಗೆ ಇದ್ದಂಗೇ ಹಾಕು, ಸೆಕ್ಷನ್ ಹೇಳು. ತೀರ್ಪನ್ನ ಪೂರ್ತಿ ಓದಿ, ಮುಚ್ಚಿಟ್ಟು, ಅರ್ಥ ಆಗಿದ್ದನ್ನ ನಿನ್ನ ಮಾತಲ್ಲಿ ಬರಿ. ಪ್ಯಾರಾ ನಂಬರ್ ಕೊಡು. ಆಮೇಲೆ ನಿಂಗೇನನ್ಸುತ್ತೆ ಅಂತ ಬರಿ. ಈಗ ನೋಡು, ನೋಟಿಸ್ ಬೇಡ ಅಂದ್ರೂ ತಲುಪಿದಂಗೇ ಅಂತು ಕೋರ್ಟು. ಪೋಸ್ಟ್‌ಮ್ಯಾನ್ ಬಾಗಿಲಿಗೇ ಬಂದಿರ್ಲಿಲ್ಲ ಅಂತ ಬಾಡಿಗೆದಾರ ಸಾಬೀತು ಮಾಡಿದ್ರೆ? ಅದನ್ನ ಈ ತೀರ್ಪು ಮುಟ್ಟೇ ಇಲ್ಲ.”

ತಲೆಯಾಡಿಸಿ ಹೋದ. ಮರುವಾರ ಹೊಸದಾಗಿ ಬರೆದು ತಂದ. ಸೆಕ್ಷನ್ನು, ಪ್ಯಾರಾ ನಂಬರು ಎಲ್ಲ ಸರಿಯಾಗಿದ್ದವು. ಕೊನೆಯಲ್ಲಿ ‘ನನ್ನ ವಿಶ್ಲೇಷಣೆ’ ಎಂಬ ತಲೆಬರಹ. ಅದರ ಕೆಳಗೆ ಬಾಗಿಲಿಗೇ ಬಾರದ ನನ್ನ ಪೋಸ್ಟ್‌ಮ್ಯಾನ್. ಈ ಸಲ ಅವನು ಪದ ಬದಲಿಸುವ ಕಷ್ಟವನ್ನೂ ಪಟ್ಟಿರಲಿಲ್ಲ.