ನೋಡಲು ಒಯ್ದ ಸೀರೆ

ಬಸವೇಶ್ವರನಗರದ ನನ್ನ ಸೀರೆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಗೊತ್ತಿರುವ ಹೆಂಗಸರು ಎರಡು ಮೂರು ಸೀರೆ ಮನೆಗೆ ಒಯ್ದು, ಸೊಸೆಗೋ ಮಗಳಿಗೋ ತೋರಿಸಿ, ಒಪ್ಪಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ತಂದುಕೊಡುತ್ತಿದ್ದರು. ಬಿಲ್ ಆಗುವುದು ಆಮೇಲೆ. ನಮ್ಮ ಯಜಮಾನರು ಇದ್ದಾಗಲೂ ಹೀಗೆಯೇ, ಅವರು ತೀರಿಕೊಂಡು ನಾನೊಬ್ಬಳೇ ಗಲ್ಲಾಪೆಟ್ಟಿಗೆ ಮುಂದೆ ಕೂತ ಮೇಲೂ ಹೀಗೆಯೇ.

ಆ ಹೆಂಗಸರು ವರ್ಷ ವರ್ಷಕ್ಕೆ ಕಡಿಮೆಯಾದರು. ಕೆಲವರು ಮನೆ ಮಾರಿ ಹೋದರು, ಕೆಲವರಿಗೆ ಮೊಣಕಾಲು ನೋವು. ಕೊನೆಗೆ ಉಳಿದವರು ಹಿಂದಿನ ರಸ್ತೆಯ ಟೀಚರ್ ಒಬ್ಬರೇ. ಅವರು ರಿಟೈರ್ ಆಗಿ ಬಹಳ ಕಾಲವಾಗಿತ್ತು. ಸೀರೆ ಒಂದು ನೆಪ. ವಾಪಸ್ ತಂದಾಗ ಕೂತು ಕಾಫಿ ಕುಡಿದು, ಸೊಸೆಯ ಅಡುಗೆಯನ್ನು ಆಡಿಕೊಂಡು, ನಾನು ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ ಎಂದು ಬೈದು ಹೋಗುತ್ತಿದ್ದರು. ನನ್ನನ್ನು ಬೈಯುವವರು ಬೇರೆ ಯಾರೂ ಉಳಿದಿರಲಿಲ್ಲ. ಬೆಳಗ್ಗೆ ಶಟರ್ ಎತ್ತುವಾಗ, ಇವತ್ತು ಅವರು ಬಂದರೆ ಸಾಕು ಅನ್ನಿಸುತ್ತಿತ್ತು.

ವ್ಯಾಪಾರ ಇಳಿಯಿತು ಎಂದು ಆನ್‌ಲೈನ್ ಅಂಗಡಿಯನ್ನೂ ತೆರೆದೆ. ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುವವನು ವಿಜಯನಗರದಿಂದ ಬಂದು ಎರಡನ್ನೂ ಜೋಡಿಸಿದ; ಅದಕ್ಕೆ ಅವನು ಸಿಂಕ್ ಅನ್ನುತ್ತಿದ್ದ. ಐದೈದು ನಿಮಿಷಕ್ಕೊಮ್ಮೆ ಮೊದಲು ಆನ್‌ಲೈನ್ ಆರ್ಡರ್‌ಗಳು ಬಿಲ್ಲಿಂಗ್‌ಗೆ ಬಂದು ಸ್ಟಾಕ್‌ನಲ್ಲಿ ಅಷ್ಟು ಕಡಿಮೆಯಾಗುತ್ತದೆ, ಆಮೇಲೆ ಉಳಿದ ಲೆಕ್ಕ ಆನ್‌ಲೈನ್‌ಗೆ ಹೋಗುತ್ತದೆ. ಆ ನಡುವೆ ಅಂಗಡಿಯಲ್ಲಿ ಒಂದು ಮಾರಿಹೋದರೆ ಅದೇ ಸೀರೆಯನ್ನು ಅಲ್ಲೂ ಮಾರಿ ಫಜೀತಿ ಆಗಬಾರದಲ್ಲ, ಅದಕ್ಕೆ ಪ್ರತಿ ಡಿಸೈನ್‌ನಲ್ಲೂ ಒಂದನ್ನು ಆನ್‌ಲೈನ್‌ಗೆ ತೋರಿಸದೆ ಹಿಡಿದಿಟ್ಟ. ಅವನ ಜಾಣತನ ನೋಡಿ ನಾನೂ ಬೀಗಿದೆ.

ಹಸಿರು ಅಂಚಿನ ಹತ್ತಿ ಸೀರೆಯಲ್ಲಿ ಎಡವಿದೆವು. ಬಿಲ್ಲಿಂಗ್ ಲೆಕ್ಕದಲ್ಲಿ ಮೂರು ಸೀರೆ, ಆನ್‌ಲೈನ್‌ನಲ್ಲಿ ಎರಡು. ಒಂದೇ ಮಧ್ಯಾಹ್ನ ಆ ಎರಡಕ್ಕೂ ಆರ್ಡರ್ ಬಂತು. ಕಪಾಟಿನಲ್ಲಿದ್ದದ್ದು ಒಂದೇ. ಇನ್ನೆರಡು ಟೀಚರ್ ಮನೆಯಲ್ಲಿದ್ದವು, ಒಂದು ಸೊಸೆಗೆ, ಒಂದು ಸೊಸೆಯ ತಂಗಿಗೆ ತೋರಿಸಲು. ಹುಬ್ಬಳ್ಳಿಯ ಹೆಂಗಸೊಬ್ಬರಿಗೆ ಫೋನ್ ಮಾಡಿ ಆರ್ಡರ್ ರದ್ದು ಮಾಡಿದೆ. ತಂಗಿಯ ಸೀಮಂತಕ್ಕೆಂದು ಆರಿಸಿದ್ದರಂತೆ. ‘ಇಲ್ಲದ್ದನ್ನ ಯಾಕ್ರೀ ಮಾರ್ತೀರಿ?’ ಎಂದರು.

ಸಾಫ್ಟ್‌ವೇರಿನವನನ್ನು ಕರೆದು ರೇಗಿದೆ.

‘ಆಂಟಿ, ಸಿಂಕ್ ಕರೆಕ್ಟಾಗೇ ಇದೆ. ಬಿಲ್ ಹಾಕ್ದೇ ಸೀರೆ ಆಚೆ ಹೋದ್ರೆ ಅದಕ್ಕೆ ಹೆಂಗ್ ಗೊತ್ತಾಗುತ್ತೆ ಹೇಳಿ?’

ಅವನು ಕಂಪ್ಯೂಟರ್‌ನಲ್ಲಿ ‘ನೋಡಲು ಹೋದದ್ದು’ ಎಂಬ, ಲೆಕ್ಕಕ್ಕೆ ಮಾತ್ರ ಇರುವ ಇನ್ನೊಂದು ಗೋಡೌನ್ ಮಾಡಿಕೊಟ್ಟ. ಯಾರಾದರೂ ಸೀರೆ ಒಯ್ದರೆ ಅವರ ಹೆಸರು ಟೈಪ್ ಹೊಡೆದು ಅದನ್ನು ಆ ಗೋಡೌನ್‌ಗೆ ದಾಟಿಸಬೇಕು. ಸಿಂಕ್ ಅಂಗಡಿಯ ಗೋಡೌನ್ ಒಂದನ್ನೇ ಎಣಿಸುತ್ತದೆ. ತಂದುಕೊಟ್ಟರೆ ಮತ್ತೆ ಇತ್ತ ದಾಟಿಸುವುದು. ಇದರಲ್ಲಿ ತಪ್ಪೇನೂ ಇರಲಿಲ್ಲ, ಈಗಲೂ ಇಲ್ಲ.

ಮುಂದಿನ ಸಲ ಟೀಚರ್ ಎರಡು ಸೀರೆ ಆರಿಸಿ ಕಂಕುಳಿಗೆ ಸೇರಿಸಿದರು. ‘ಒಂದ್ನಿಮಿಷ ಟೀಚರ್’ ಎಂದು ಸೀರೆ ಇಸಿದುಕೊಂಡು ಬಾರ್‌ಕೋಡ್ ತೋರಿಸಿ, ಅವರ ಹೆಸರು ಹೊಡೆದೆ. ಪರದೆ ಅವರ ಕಡೆಗೂ ಕಾಣುತ್ತಿತ್ತು. ಕನ್ನಡಕ ಸರಿ ಮಾಡಿಕೊಂಡು ಓದಿದರು.

‘ಏನಮ್ಮಾ ಇದು, ನನ್ನ ಹೆಸರು ಬರ್ಕೊಂಡೆ?’

‘ಅಯ್ಯೋ, ಎಲ್ಲರದ್ದೂ ಬರೀತೀನಿ ಟೀಚರ್. ಆನ್‌ಲೈನ್‌ಗೆ ಲೆಕ್ಕ ತಪ್ಪುತ್ತೆ ಅಂತ.’

ಎಲ್ಲರದ್ದೂ ಎಂದೆ. ಒಯ್ಯುವವರು ಅವರೊಬ್ಬರೇ ಎಂದು ಅವರಿಗೂ ಗೊತ್ತಿತ್ತು.

‘ಬೇಡ ಬಿಡಮ್ಮ, ಇನ್ನೊಂದ್ಸಲ ನೋಡೋಣ’ ಎಂದು ಬರಿಗೈಯಲ್ಲಿ ಎದ್ದರು. ಕಾಫಿಗೆ ನೀರಿಟ್ಟಿದ್ದೇನೆ ಎಂದರೂ ಕೂರಲಿಲ್ಲ.

ಒಂದು ವಾರ ಬಿಟ್ಟು ಫೋನ್ ಮಾಡಿದೆ. ‘ಬರ್ತೀನಿ ಕಣಮ್ಮ, ಕೆಲಸ’ ಎಂದರು. ಬರಲಿಲ್ಲ. ನನಗೂ ಸಿಟ್ಟು ಬಂತು. ಇಷ್ಟಕ್ಕೆಲ್ಲ ಮುನಿಸಿಕೊಂಡರೆ ಹೇಗೆ? ಆ ಸಿಟ್ಟನ್ನು ತೋಡಿಕೊಳ್ಳಲು ನನಗಿದ್ದವರೂ ಅವರೇ. ಮಧ್ಯಾಹ್ನದ ಡಬ್ಬಿಯನ್ನು ಬಿಚ್ಚದೆ ಹಾಗೇ ಮನೆಗೆ ಒಯ್ಯುತ್ತಿದ್ದೆ. ಆಮೇಲೆ ಒಂದು ಸಲವೂ ಅಂಗಡಿಯಲ್ಲಿ ಇಲ್ಲದ ಸೀರೆ ಆನ್‌ಲೈನ್‌ನಲ್ಲಿ ಮಾರಿಹೋಗಲಿಲ್ಲ. ಕಪಾಟು, ಬಿಲ್ಲಿಂಗ್, ಆನ್‌ಲೈನ್ ಎಲ್ಲವೂ ತಾಳೆಯಾಗುತ್ತಿದ್ದವು.

ಗೌರಿ ಹಬ್ಬಕ್ಕೆ ಮುಂಚೆ ಒಂದು ಬೆಳಗ್ಗೆ ಆನ್‌ಲೈನ್ ಆರ್ಡರ್ ಬಂತು. ಬೂದು ಬಣ್ಣದ ಮೈ, ಸಣ್ಣ ಅಂಚು, ಟೀಚರ್ ಉಡುವಂಥದ್ದೇ. ಹೆಸರು ನೋಡಿದೆ, ಅವರದ್ದೇ. ವಿಳಾಸ ಹಿಂದಿನ ರಸ್ತೆ. ಹಣವನ್ನೂ ಮೊದಲೇ ಕಟ್ಟಿದ್ದರು. ಒಳ್ಳೆ ಕಾಫಿಪುಡಿ ಇದೆಯೇ ಎಂದು ಡಬ್ಬಿ ತೆಗೆದು ನೋಡಿದೆ. ಆಮೇಲೆ ಆರ್ಡರ್ ಪೂರ್ತಿ ಓದಿದೆ.

‘ಅಂಗಡಿಗೆ ಬಂದು ಒಯ್ಯುತ್ತೇನೆ’, ‘ಮನೆಗೆ ಕಳಿಸಿ’ ಎಂದು ಎರಡು ಸಾಲುಗಳಿರುತ್ತವೆ. ಎರಡನೆಯದಕ್ಕೆ ಹೆಚ್ಚು ದುಡ್ಡು. ಟೀಚರ್ ಎರಡನೆಯದನ್ನೇ ಆರಿಸಿದ್ದರು.