ಸೊನ್ನೆ ಅಂಕದ ಲೆಮ್ಮಾ

ಆ ಕೈಪಿಡಿಯನ್ನು ಈಗಲೂ ಕಂಡರೆ ಮೈ ಉರಿಯುತ್ತದೆ. ತಯಾರಿಸಿದವರ ಪಟ್ಟಿಯಲ್ಲಿ ನನ್ನ ಹೆಸರೂ ಇರುವುದರಿಂದ ಇನ್ನೂ ಒಂದಿಷ್ಟು ಹೆಚ್ಚೇ ಉರಿಯುತ್ತದೆ.

ನಾನು ಸಾಸಲು ಕಡೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಎರಡು ವರ್ಷದ ಹಿಂದೆ, ದಸರಾ ರಜೆ ಮುಗಿದ ಹೊಸತರಲ್ಲಿ, ಅಕ್ಕಪಕ್ಕದ ಶಾಲೆಗಳ ಗಣಿತದವರು ನಾವು ಐದು ಜನ ದೊಡ್ಡಬಳ್ಳಾಪುರದಲ್ಲಿ ಸೇರಿದೆವು. ಹತ್ತನೇ ಕ್ಲಾಸಿನಲ್ಲಿ ಹಿಂದೆ ಬಿದ್ದ ಮಕ್ಕಳು ಹೇಗಾದರೂ ಪಾಸಾಗಲಿ ಎಂದು ಇಪ್ಪತ್ತು ಪುಟದ ಕೈಪಿಡಿ ಮಾಡುವುದು ನಮ್ಮ ಉದ್ದೇಶ. ಉದ್ದೇಶ ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಶುರುವಾದದ್ದು ಜೋಡಿಸುವಾಗ. ನಮ್ಮಲ್ಲಿ ಹಿರಿಯರಾದ ಮೇಷ್ಟ್ರು ಹೇಳಿದರು, "ಅಧ್ಯಾಯದ ಪ್ರಕಾರ ಬೇಡ. ಮಾರ್ಕ್ಸ್ ಪ್ರಕಾರ ಹಾಕೋಣ. ಮೊದ್ಲು ಒಂದು ಮಾರ್ಕ್ಸಿಂದು, ಆಮೇಲೆ ಎರಡು, ಆಮೇಲೆ ಮೂರು. ಮಕ್ಕಳಿಗೂ ಸುಲಭ ಆಗ್ತದೆ."

ಎಲ್ಲರೂ ತಲೆಯಾಡಿಸಿದರು. ನನಗೆ ಮಾತ್ರ ಕಸಿವಿಸಿ. ಯಾಕೆಂದು ಹೇಳಬೇಕಾದರೆ ಒಂದು ಉದಾಹರಣೆ ಸಾಕು. √2 ಅಭಾಗಲಬ್ಧ, ಅಂದರೆ ಅದನ್ನು ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲು ಬರುವುದಿಲ್ಲ. ಇದು ಪ್ರಮೇಯ, ಪಾಠದ ಮುಖ್ಯ ಸಂಗತಿ. ಇದನ್ನು ಸಾಧಿಸುವಾಗ ನಡುವೆ ಒಂದು ಸಣ್ಣ ವಿಷಯ ಬೇಕಾಗುತ್ತದೆ: ಪೂರ್ಣಾಂಕವೊಂದರ ವರ್ಗ ಸಮಸಂಖ್ಯೆಯಾದರೆ ಆ ಪೂರ್ಣಾಂಕವೂ ಸಮ. ಹೀಗೆ ಮುಂಚೆಯೇ ಸಾಧಿಸಿಟ್ಟುಕೊಂಡು ಪ್ರಮೇಯಕ್ಕೆ ಹೆಗಲು ಕೊಡುವ ಮಾತು ಲೆಮ್ಮಾ. ಪ್ರಮೇಯ ಸಿದ್ಧವಾದ ಮೇಲೆ ಅದರಿಂದ ಒಂದೆರಡು ಸಾಲಿನಲ್ಲಿ ಸಿಕ್ಕಿಬಿಡುವುದು, ಉದಾಹರಣೆಗೆ 3+√2 ಕೂಡ ಅಭಾಗಲಬ್ಧ ಎನ್ನುವುದು, ಉಪಪ್ರಮೇಯ. ಪಠ್ಯಪುಸ್ತಕಗಳು ಕೆಲವೊಮ್ಮೆ ಲೆಮ್ಮಾಕ್ಕೂ ಪ್ರಮೇಯ ಎಂದೇ ಹೆಸರು ಹಾಕುತ್ತವೆ. ಹಾಕಲಿ. ಮೂರೂ ಸಾಧಿಸಿದ ಸತ್ಯಗಳೇ. ಯಾವುದು ಯಾವುದರ ಮೇಲೆ ನಿಂತಿದೆ ಎನ್ನುವುದು ಮಕ್ಕಳಿಗೆ ಗೊತ್ತಿರಬೇಕು, ಅಷ್ಟೆ.

ಮಾರ್ಕ್ಸಿನ ಪ್ರಕಾರ ಜೋಡಿಸಿದಾಗ ಏನಾಯಿತು? 3+√2 ಒಂದು ಅಂಕದ ಪ್ರಶ್ನೆಯಾಗಿ ನಾಲ್ಕನೇ ಪುಟಕ್ಕೆ ಹೋಯಿತು. 'ನೆನಪಿಡಿ' ಎಂಬ ಚೌಕದೊಳಗೆ, ಸಾಧನೆಯಿಲ್ಲದೆ, ಒಂದೇ ಸಾಲು. √2 ಮೂರು ಅಂಕದ್ದು, ಒಂಬತ್ತನೇ ಪುಟಕ್ಕೆ ಬಂತು. ಲೆಮ್ಮಾ ಎಲ್ಲಿಗೂ ಹೋಗಲಿಲ್ಲ.

"ಮೇಷ್ಟ್ರೇ, ವರ್ಗ ಸಮ ಆದ್ರೆ ಸಂಖ್ಯೆ ಸಮ ಅನ್ನೋದನ್ನ ಬಿಟ್ಬಿಟ್ರಲ್ಲ?" ಎಂದು ಕೇಳಿದೆ.

"ಅದಕ್ಕೆ ಮಾರ್ಕ್ಸ್ ಇಲ್ಲ ಮೇಡಂ. ಪರೀಕ್ಷೇಲಿ ಕೇಳಲ್ಲ."

ಅರ್ಧ ಗಂಟೆ ವಾದ ಮಾಡಿದೆ. ಕೊನೆಗೆ ನಾಲ್ಕು ಗಂಟೆಯ ಬಸ್ಸಿನ ಹೊತ್ತಾಯಿತು. ಆ ಬಸ್ಸು ಹೋದರೆ ಮತ್ತೆ ಒಂದೂವರೆ ಗಂಟೆ ಕಾಯಬೇಕು. ನಾನು ಕರಡಿಗೆ ಸಹಿ ಹಾಕಿ ಎದ್ದುಬಂದೆ. ಸಹಿ ಹಾಕದೆ ಬರಬಹುದಿತ್ತು. ಬರಲಿಲ್ಲ.

ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. √2 ಅಭಾಗಲಬ್ಧ ಎಂದು ಸಾಧಿಸಿ ಎನ್ನುವ ಪ್ರಶ್ನೆ ಇತ್ತು. ಎಲ್ಲರದೂ ಒಂದೇ ಅಚ್ಚು, ಒಂಬತ್ತನೇ ಪುಟದ ನಕಲು. ಒಬ್ಬ ಹುಡುಗಿಯದು ಮಾತ್ರ ಬೇರೆ. ಏನು ಹೇಳಿಕೊಟ್ಟರೂ "ಇದನ್ನ ಬಾಯಿಪಾಠ ಮಾಡ್ಲಾ ಮಿಸ್?" ಎಂದು ಕೇಳಿ ನನ್ನ ತಲೆ ತಿನ್ನುತ್ತಿದ್ದ ಹುಡುಗಿ ಅವಳು. ಅವಳು ಬರೆದಿದ್ದು ಹೀಗಿತ್ತು: √2 ಭಾಗಲಬ್ಧ ಎಂದುಕೊಳ್ಳೋಣ. ಹಾಗಾದರೆ ಅದಕ್ಕೆ 3 ಕೂಡಿಸಿದರೂ ಭಾಗಲಬ್ಧವೇ ಬರಬೇಕು. ಆದರೆ 3+√2 ಅಭಾಗಲಬ್ಧ ಎಂದು ನಮಗೆ ಗೊತ್ತಿದೆ. ಆದ್ದರಿಂದ ನಾವು ಅಂದುಕೊಂಡದ್ದು ತಪ್ಪು.

ನಾಲ್ಕೇ ಸಾಲು. ಎಷ್ಟು ಚೆಂದ! ಮತ್ತು ಪೂರ್ತಿ ಸುತ್ತು. 3+√2 ಅಭಾಗಲಬ್ಧವೆಂದು ನಮಗೆ ಗೊತ್ತಾದದ್ದೇ √2ರಿಂದ. ಕೆಂಪು ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಆಮೇಲೆ ಸೊನ್ನೆ ಹಾಕಿದೆ.

ಮರುದಿನ ಬಿಸಿಯೂಟ ಮುಗಿದ ಮೇಲೆ ಅವಳು ಪೇಪರ್ ಹಿಡಿದುಕೊಂಡು ಬಂದಳು.

"ಯಾರ್ ಹೇಳ್ಕೊಟ್ರು ಇದನ್ನ?" ಕೇಳಿದೆ.

"ಯಾರೂ ಇಲ್ಲ ಮಿಸ್. ಒಂಬತ್ನೇ ಪುಟದ್ದು ಮರ್ತೋಯ್ತು. ಅದಕ್ಕೆ ನಾನೇ ಯೋಚ್ನೆ ಮಾಡ್ದೆ. ಎಲ್ಲೈತೆ ಮಿಸ್ ತಪ್ಪು?"

"3+√2 ಅಭಾಗಲಬ್ಧ ಅಂತ ನಿಂಗೆ ಹೆಂಗ್ ಗೊತ್ತು?"

"ನಾಲ್ಕನೇ ಪುಟದಲ್ಲಿ ಐತಲ್ಲ."

"ಅದು √2 ಸಾಧಿಸಿದ ಮೇಲೆ ಬರೋದು ಕಣಮ್ಮ."

ಅವಳು ಚೀಲದಿಂದ ಕೈಪಿಡಿ ತೆಗೆದು ಎರಡು ಪುಟಗಳಿಗೂ ಬೆರಳಿಟ್ಟು ತೋರಿಸಿದಳು. "ಮೇಲೆ ಎಲ್ಲಿ ಮಿಸ್? ಇದು ನಾಲ್ಕು, ಅದು ಒಂಬತ್ತು. ಮುಂಚೆ ಬಂದಿರೋದನ್ನ ಮಾತ್ರ ಬಳಸ್ಬೋದು ಅಂತ ನೀವೇ ಅಲ್ವಾ ಹೇಳಿದ್ದು?"

ನಾನೇ ಹೇಳಿದ್ದು. ವರ್ಷವೆಲ್ಲ ಹೇಳಿದ್ದು. ಹುಡುಗಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಸುಳ್ಳು ಹೇಳಿದ್ದು ಪುಟದ ಸಂಖ್ಯೆಗಳು, ಅವಕ್ಕೆ ಸಹಿ ಹಾಕಿದ ನಾನು ಅವಳೆದುರಿಗೇ ಕೂತಿದ್ದೆ. ಹತ್ತು ವರ್ಷದ ಶಾಲೆಯಲ್ಲಿ ಅವಳು ಮೊದಲ ಸಲ ಸ್ವಂತವಾಗಿ ಯೋಚಿಸಿದ್ದಳು, ನಾವು ಐದು ಜನ ಸೇರಿ ಅದಕ್ಕೆ ಸೊನ್ನೆ ಗಿಟ್ಟಿಸಿದ್ದೆವು.

ಹಿರಿಯ ಮೇಷ್ಟ್ರಿಗೆ ಅಲ್ಲಿಂದಲೇ ಫೋನು ಹಚ್ಚಿದೆ. ಸಿಟ್ಟಿನಲ್ಲಿ ಏನೇನು ಅಂದೆನೋ. ಅವರು ತಣ್ಣಗೆ, "ಪ್ರಿಂಟ್ ಆಗೋಗಿದೆಯಲ್ಲ ಮೇಡಂ. ನೀವೂ ಸೈನ್ ಹಾಕಿದ್ರಲ್ಲ" ಎಂದರು. ಫೋನು ಇಟ್ಟೆ.

ಅವಳನ್ನು ಖಾಲಿ ಕ್ಲಾಸಿಗೆ ಕರೆದುಕೊಂಡು ಹೋದೆ. ಬೋರ್ಡಿನ ಮೇಲೆ √2ರ ಸಾಧನೆಯನ್ನು ಬರೆಯುತ್ತ, √2 = a/b ಎಂದುಕೊಳ್ಳೋಣ, a ಮತ್ತು b ಎರಡಕ್ಕೂ ಸಾಮಾನ್ಯ ಅಪವರ್ತನವಿಲ್ಲ, ವರ್ಗ ಮಾಡಿದರೆ a² = 2b², ಹಾಗಾಗಿ a² ಸಮ ಎನ್ನುವವರೆಗೆ ಬಂದು ನಿಲ್ಲಿಸಿದೆ.

"ಈಗ a ಕೂಡ ಸಮ ಅಂತ ಪುಸ್ತಕ ಹೇಳ್ತದೆ. ಯಾಕೆ?"

"ಗೊತ್ತಿಲ್ಲ ಮಿಸ್. ಬಾಯಿಪಾಠ ಮಾಡಿದ್ದೆ."

"ಸಮ ಅಲ್ಲ, ಬೆಸ ಅಂದ್ಕೋ. ಏನಾಗ್ತದೆ ನೋಡು."

ಸೀಮೆಸುಣ್ಣ ಅವಳ ಕೈಗೆ ಕೊಟ್ಟೆ. ಎರಡು ಸಲ ಬರೆದು ಒರೆಸಿದಳು. ಮೂರನೇ ಸಲ a = 2k+1 ಎಂದು ಬರೆದು ವರ್ಗ ಮಾಡಿದಳು: 4k²+4k+1. ಕೊನೆಯ 1ರ ಕೆಳಗೆ ಗೆರೆ ಎಳೆದಳು.

"ಕೊನೇಲಿ ಒಂದು ಉಳೀತದೆ. ಇದೂ ಬೆಸಾನೇ ಮಿಸ್! ಬೆಸ ಆದ್ರೆ ವರ್ಗಾನೂ ಬೆಸ. ಹಂಗಾರೆ ವರ್ಗ ಸಮ ಆಗ್ಬೇಕಾದ್ರೆ a ಸಮಾನೇ ಇರ್ಬೇಕು."

"ಅದೇ ಲೆಮ್ಮಾ. ಇನ್ನು ಮುಂದಕ್ಕೆ ಹೋಗು."

ಹೋದಳು. a = 2c ಎಂದು ಹಾಕಿ, b² = 2c² ಎಂದು ತಂದು, b ಗೂ ಅದೇ ಲೆಮ್ಮಾ ಹಚ್ಚಿ, ಎರಡೂ ಸಮವಾಗಿಬಿಟ್ಟವು, ಎರಡು ಎನ್ನುವ ಸಾಮಾನ್ಯ ಅಪವರ್ತನ ಬಂದುಬಿಟ್ಟಿತು, ಅಂದುಕೊಂಡದ್ದು ತಪ್ಪು ಎಂದು ತಾನೇ ಕಂಡುಕೊಂಡಳು. ಆಮೇಲೆ ಕೆಳಗೆ 3+√2 ಬರೆದು, ಅದರಿಂದ 3 ಕಳೆದು, ಎರಡೇ ಸಾಲಿನಲ್ಲಿ ಮುಗಿಸಿದಳು. ಯಾವುದು ಯಾವುದರ ಮೇಲೆ ನಿಂತಿದೆ ಎಂದು ನಾನು ಹೇಳಬೇಕಾಗಲಿಲ್ಲ.

ಕೈಗಂಟಿದ ಸುಣ್ಣ ಒರೆಸಿಕೊಂಡು, ಬೋರ್ಡಿನ ಮೇಲಿದ್ದ ಲೆಮ್ಮಾವನ್ನು ತೋರಿಸಿ ಕೇಳಿದಳು, "ಪಬ್ಲಿಕ್ ಪರೀಕ್ಷೇಲಿ ಇದನ್ನ ಹಿಂಗೇ ಬರೆದ್ರೆ ಎಷ್ಟು ಕೊಡ್ತಾರೆ ಮಿಸ್?"

"ಅದಕ್ಕೆ ಮಾರ್ಕ್ಸ್ ಇಲ್ಲ ಕಣಮ್ಮ," ಎಂದೆ. "ಪರೀಕ್ಷೇಲಿ ಕೇಳಲ್ಲ."

ನನ್ನ ಬಾಯಿಂದಲೇ ಬಂತು. ಹಿರಿಯ ಮೇಷ್ಟ್ರ ಮಾತೇ, 'ಮೇಡಂ' ಹೋಗಿ 'ಕಣಮ್ಮ' ಆಗಿತ್ತು, ಅಷ್ಟೆ.

ಅವಳು ಬೋರ್ಡನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಮತ್ತೆ ಒಂಬತ್ನೇ ಪುಟಾನೇ ಬಾಯಿಪಾಠ ಮಾಡ್ಲಾ ಮಿಸ್?" ಎಂದು ಕೇಳಿದಳು.