ಒಂದೇ ನಂಬರಿನ ಇಬ್ಬರು ಅರ್ಜಿದಾರರು

ಕುದಾಪುರದ ಸಂಶೋಧನಾ ಕ್ಯಾಂಪಸ್ಸುಗಳಿಗೆ ಕಚೇರಿ ಸಿಬ್ಬಂದಿ ಒದಗಿಸುವ ಚಳ್ಳಕೆರೆಯ ಸಣ್ಣ ಕಂಪನಿಯಲ್ಲಿ ನೇಮಕಾತಿ ನನ್ನ ಕೆಲಸ. ಅರ್ಜಿಗಳು ನನ್ನ ವಾಟ್ಸಾಪಿಗೇ ಬರುತ್ತಿದ್ದವು, ಮದುವೆ ಕರೆಯೋಲೆಗಳ ನಡುವೆ. ಹುಡುಕಿ ಹುಡುಕಿ ಸಾಕಾಗಿತ್ತು. ಅರ್ಜಿ ನಿಭಾಯಿಸುವ ಸಾಫ್ಟ್‌ವೇರ್ ಆರಿಸಿ ಎಂದು ಮಾಲೀಕರು ಹೇಳಿದಾಗ ಖುಷಿಪಡುವಷ್ಟೂ ತ್ರಾಣ ಉಳಿದಿರಲಿಲ್ಲ.

ಕೊನೆಗೆ ಎರಡು ಉಳಿದವು. ಮೊದಲನೆಯದು ರೆಸ್ಯೂಮೆಯನ್ನು ತಾನೇ ಓದಿ ಹೆಸರು, ಅನುಭವ ತುಂಬಿಕೊಳ್ಳುತ್ತಿತ್ತು. ಬಳಸುವ ಪ್ರತಿಯೊಬ್ಬರಿಗೂ ಬೇರೆ ಬೇರೆ ಮಾಸಿಕ ಶುಲ್ಕ. ಎರಡನೆಯದರಲ್ಲಿ ಇಡೀ ಕಂಪನಿಗೆ ಒಂದೇ ಶುಲ್ಕ, ಆದರೆ ಎಲ್ಲವನ್ನೂ ಅರ್ಜಿದಾರರೇ ತುಂಬಬೇಕು, ನೋಡಲು ಬೋಳು ಬೋಳು.

"ಮೊದಲನೇದು ತಗಳ್ರಿ, ಚೆಂದ ಐತೆ," ಎಂದರು ಮಾಲೀಕರು. ದಿನವಿಡೀ ಅದರ ಮುಂದೆ ಕೂರುವವಳು ನಾನು, ಅವರಲ್ಲ. ಆದರೂ ಪುಕ್ಕಟೆ ಪ್ರಯೋಗದ ಅವಧಿಯಲ್ಲಿ ಡೇಟಾ ಎಂಟ್ರಿ ಹುದ್ದೆಯೊಂದನ್ನು ಅದರಲ್ಲೇ ಹಾಕಿದೆ.

ಮೊಳಕಾಲ್ಮೂರಿನಿಂದ ಬಂದ ಒಂದು ಅರ್ಜಿ ಹಿಡಿಸಿತು. ಅರ್ಜಿ ಹಾಕಿದವಳು ಸಹಕಾರ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ ಮಾಡಿದ್ದಳು. ಗುರುತು ಹಾಕಿಟ್ಟು, ಮರುದಿನ ಬಂದು ಸಂದರ್ಶನಕ್ಕೆ ಕರೆಯುವ ಗುಂಡಿ ಒತ್ತಿದೆ. ಸಂದೇಶ ತಾನಾಗಿ ಹೋಯಿತು.

ಬಂದವಳು ಈಗಷ್ಟೇ ಪಿಯುಸಿ ಮುಗಿಸಿದ ಹುಡುಗಿ. ಸೊಸೈಟಿಯ ಕೆಲಸದ ಬಗ್ಗೆ ಕೇಳಿದೆ.

"ಅದು ನಮ್ಮಕ್ಕ ಮೇಡಂ. ಅವಳು ಹಾಕಿದ ಮೇಲೆ ನಾನೂ ಅರ್ಜಿ ಹಾಕಿದೆ. ಮೆಸೇಜಿನಾಗೆ ನನ್ನ ಹೆಸರಿತ್ತು. ಅವಳೇ ನನ್ನ ಬಸ್ ಹತ್ತಿಸಿ, ಮಗ್ಗಕ್ಕೆ ಕೂತ್ಕಂಡ್ಳು."

"ಇಬ್ಬರದೂ ಒಂದೇ ನಂಬರಾ?"

"ಮನೇಗೆಲ್ಲ ಒಂದೇ ಫೋನ್ ಐತ್ರಿ."

ಆಗ ಹೊಳೆಯಿತು. ನಂಬರು, ಮೇಲ್ ಒಂದೇ ಇದ್ದುದರಿಂದ ಸಾಫ್ಟ್‌ವೇರು ಇಬ್ಬರನ್ನೂ ಒಬ್ಬಳೆಂದುಕೊಂಡು, ಅಕ್ಕನ ಪುಟಕ್ಕೆ ತಂಗಿಯ ಹೆಸರು ಹಾಕಿತ್ತು. ನನಗೆ ನೆನಪಿದ್ದದ್ದು ಅನುಭವ, ಹೆಸರಲ್ಲ. ಆ ಸಾಫ್ಟ್‌ವೇರ್ ಕಂಪನಿಯವರಿಗೆ ಫೋನ್ ಮಾಡಿದರೆ, ಆ ಕ್ರಮ ಬದಲಿಸಲು ಇನ್ನೂ ದುಬಾರಿ ಪ್ಯಾಕೇಜು ಬೇಕು ಎಂದರು. ಸಿಟ್ಟು ಬಂತು, ಜಗಳಕ್ಕೆ ಶಕ್ತಿ ಇರಲಿಲ್ಲ.

ಹುಡುಗಿ ಟೀ ಕುಡಿಯುವಷ್ಟರಲ್ಲಿ ಅಕ್ಕತಂಗಿಯರ ವಿವರವನ್ನು ಆ ಎರಡನೆಯ ಬೋಳು ಸಾಫ್ಟ್‌ವೇರಿಗೆ ನಾನೇ ತುಂಬಿದೆ. ಅದು ನಿಂತು ಕೇಳಿತು: ಇದೇ ನಂಬರಿನ ಇನ್ನೊಬ್ಬರಿದ್ದಾರೆ, ಬೇರೆಯವರೇ? ಹೌದು ಎಂದೆ. ಎರಡು ಪುಟ ಉಳಿದವು. ಇದೇ ಇರಲಿ ಎಂದು ಮಾಲೀಕರಿಗೆ ಹೇಳಿದೆ. "ನಿಮ್ಮಿಷ್ಟ," ಎಂದರು.

"ನಾಳೆ ಅಕ್ಕನನ್ನು ಕಳಿಸಮ್ಮ. ನಾವು ಕರೆಯಬೇಕಿದ್ದದ್ದು ಅವಳನ್ನೇ," ಎಂದೆ. ಹುಡುಗಿ ಟೀ ಲೋಟ ಕೆಳಗಿಟ್ಟಳು.

"ಅವಳ ಹೆಸರಿಗೆ ಮೆಸೇಜ್ ಹಾಕ್ರಿ ಮೇಡಂ," ಎಂದಳು. "ನಾನು ಹೇಳಿದ್ರೆ ನಂಬಲ್ಲ. ನಂಗೆ ಬಂದಿದ್ನ ಅವಳಿಗೆ ಬಿಟ್ಟುಕೊಟ್ಟೆ ಅನ್ಕಂಡು ಬರಾದೇ ಇಲ್ಲ."

ಕಳಿಸಿದೆ. ಅವಳ ಕೈಯಲ್ಲಿದ್ದ ಫೋನು ಸದ್ದು ಮಾಡಿತು. ಅಕ್ಕನ ಹೆಸರು ಸರಿಯಾಗಿದೆಯೇ ಎಂದು ಓದಿ ನೋಡಿ, ಬಸ್ಸಿಗೆ ಹೊರಟಳು.